ಒಂದೇ ದಿನ, ಎರಡು ಅಂಗಡಿ, ಎರಡು ಬಿಲ್ಲು

ಮದುವೆಗೆ ಸರ ಕೊಳ್ಳಲು ನಂದಗುಡಿಯಿಂದ ಹೊಸಕೋಟೆಗೋ ಬೆಂಗಳೂರಿಗೋ ಹೋಗುವವರು ಮೊದಲು ಕೇಳುವುದು ‘ಇವತ್ತಿನ ರೇಟ್ ಎಷ್ಟು?’ ಎಂದು. ಆ ರೇಟನ್ನು ಸರ್ಕಾರ ನಿಗದಿ ಮಾಡುವುದಿಲ್ಲ. ನಾವು ಬಳಸುವ ಚಿನ್ನದ ಬಹುಪಾಲು ಹೊರದೇಶದಿಂದ ಬರುತ್ತದೆ. ಅದರ ಬೆಲೆ ಡಾಲರಿನಲ್ಲಿರುತ್ತದೆ. ಆದ್ದರಿಂದ ಹೊರಗೆ ಬೆಲೆ ಏರದಿದ್ದರೂ, ರೂಪಾಯಿ ಕುಸಿದರೆ ಇಲ್ಲಿ ದರ ಏರುತ್ತದೆ.

ಇದರ ಮೇಲೆ ಆಮದು ಸುಂಕ ಸೇರುತ್ತದೆ. ಅದು ದಿನವೂ ಬದಲಾಗುವುದಿಲ್ಲ, ಬದಲಾದರೆ ಒಂದೇ ಏಟಿಗೆ ದರ ಅಲುಗುತ್ತದೆ. 2024ರ ಜುಲೈ 23ರ ಕೇಂದ್ರ ಬಜೆಟ್ ಒಟ್ಟು ಸುಂಕವನ್ನು ಶೇ. 15ರಿಂದ ಶೇ. 6ಕ್ಕೆ ಇಳಿಸಿತು. ಸುಂಕಕ್ಕೆ ಮುಂಚೆ ಗ್ರಾಂಗೆ 6,000 ರೂಪಾಯಿ ಎಂದಿಟ್ಟುಕೊಂಡರೆ, ಸುಂಕ 900ರಿಂದ 360ಕ್ಕೆ ಬಂದಂತಾಯಿತು. ಹಳೆಯ ಸುಂಕ ಕಟ್ಟಿ ಚಿನ್ನ ತಂದಿಟ್ಟಿದ್ದ ವರ್ತಕರಿಗೆ ಆ ವ್ಯತ್ಯಾಸವೇ ನಷ್ಟ.

ಹಾಗಾದರೆ ಒಂದೇ ದಿನ ಎರಡು ಅಂಗಡಿಗಳ ಬಿಲ್ಲು ಬೇರೆಯಾಗುವುದೇಕೆ? ಬೋರ್ಡಿನ ರೇಟಿನಲ್ಲಿ ಅಂತರ ಸಾಮಾನ್ಯವಾಗಿ ಕಡಿಮೆ, ದೊಡ್ಡ ಅಂತರ ವೇಸ್ಟೇಜು ಮತ್ತು ಮಜೂರಿಯಲ್ಲಿರುತ್ತದೆ. ಉದಾಹರಣೆಗೆ, 22 ಕ್ಯಾರೆಟ್ ದರ ಗ್ರಾಂಗೆ 10,000 ಎಂದುಕೊಳ್ಳಿ. ಹತ್ತು ಗ್ರಾಂ ಸರಕ್ಕೆ ಒಬ್ಬರು ಶೇ. 8, ಇನ್ನೊಬ್ಬರು ಶೇ. 14 ವೇಸ್ಟೇಜು ಹಾಕಿದರೆ, ಶೇ. 3 ಜಿಎಸ್‌ಟಿ ಸೇರಿ ಬಿಲ್ಲು 1,11,240 ಮತ್ತು 1,17,420 ಆಗುತ್ತದೆ. ದರ ಒಂದೇ, ವ್ಯತ್ಯಾಸ 6,180 ರೂಪಾಯಿ.

ಹಾಗಾಗಿ ರೇಟಿನ ಜೊತೆಗೆ ವೇಸ್ಟೇಜು ಎಷ್ಟು, ಕಲ್ಲಿನ ತೂಕ ಕಳೆದಿದ್ದಾರೆಯೇ ಎಂದೂ ಕೇಳಬೇಕು. ಇವೆಲ್ಲ ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ಬರೆದಿದ್ದರೆ ಮಾತ್ರ ಎರಡು ಅಂಗಡಿಗಳನ್ನು ಹೋಲಿಸಬಹುದು.