ಹಣ ಪಡೆಯುವ ಮೊದಲೇ ಹೆಸರಿನ ತಕರಾರು ತಿಳಿಸಿ: ಸಣ್ಣ ಉದ್ದಿಮೆದಾರರ ಹಕ್ಕೊತ್ತಾಯ ಪತ್ರ

ಇವರಿಗೆ: ಟ್ರೇಡ್‌ಮಾರ್ಕ್, ಕಂಪನಿ ಹೆಸರು ಮತ್ತು ಡೊಮೇನ್ ನೋಂದಣಿಯ ಹೊಣೆ ಹೊತ್ತ ಕೇಂದ್ರ ಸರ್ಕಾರದ ಪ್ರಾಧಿಕಾರಗಳಿಗೆ

ಇವರಿಂದ: ಕರ್ನಾಟಕದ ಸಣ್ಣ ಉದ್ದಿಮೆದಾರರು

ವಿಷಯ: ಡೊಮೇನ್ ಕೊಳ್ಳುವ ಮುನ್ನವೇ ಹೆಸರಿನ ಪರಿಶೀಲನೆಗೆ ಅವಕಾಶ ಕೊಡುವ ಬಗ್ಗೆ

ಮಾನ್ಯರೇ,

ಹೊಸದಾಗಿ ಅಂಗಡಿ, ಹೋಟೆಲು, ಕಾರ್ಖಾನೆ ತೆರೆಯುವವರು ಹೆಸರೊಂದನ್ನು ಆರಿಸಿಕೊಂಡ ಕೂಡಲೇ ಅದರ ಡೊಮೇನ್ ಸಿಗುತ್ತದೆಯೇ ಎಂದು ನೋಡುತ್ತಾರೆ. ಸಿಕ್ಕರೆ ಹಣ ಕಟ್ಟುತ್ತಾರೆ, ವೆಬ್‌ಸೈಟ್ ಮಾಡಿಸುತ್ತಾರೆ, ಬೋರ್ಡು ಬರೆಸುತ್ತಾರೆ, ಬಿಲ್ ಪುಸ್ತಕ ಮತ್ತು ಕೈಚೀಲ ಅಚ್ಚು ಹಾಕಿಸುತ್ತಾರೆ. ಡೊಮೇನ್ ಸಿಕ್ಕಿತೆಂದರೆ ಅದೇ ಅಕ್ಷರಗಳ ವಿಳಾಸವನ್ನು ಬೇರೆಯವರು ಕೊಂಡಿಲ್ಲ ಎಂದಷ್ಟೇ ಖಾತ್ರಿ. ಅದೇ ಸದ್ದಿನ ಹೆಸರಿನಲ್ಲಿ ಇನ್ನೊಬ್ಬರು ವ್ಯಾಪಾರ ನಡೆಸುತ್ತಿರುವುದು ತಿಳಿಯುವುದು ವಕೀಲರ ನೋಟಿಸು ಬಂದ ಮೇಲೆ. ಅಷ್ಟರಲ್ಲಿ ಖರ್ಚು ಮಾಡಿದ ಹಣವೂ ಗ್ರಾಹಕರ ಗುರುತೂ ಆ ಹೆಸರಿಗೆ ಅಂಟಿಕೊಂಡಿರುತ್ತವೆ.

ಈ ಅಪಾಯ ನಿಮಗೆ ತಿಳಿಯದ್ದಲ್ಲ. ಸತ್ಯಂ ಇನ್ಫೋವೇ ಕಂಪನಿ 1999ರಲ್ಲೇ sifynet.com ಮುಂತಾದ ಡೊಮೇನ್‌ಗಳನ್ನು ಪಡೆದಿತ್ತು. ಸಿಫಿನೆಟ್ ಸಲ್ಯೂಷನ್ಸ್ ಎಂಬ ಇನ್ನೊಂದು ಸಂಸ್ಥೆ ಆಮೇಲೆ siffynet.com ಮತ್ತು siffynet.net ವಿಳಾಸಗಳಲ್ಲಿ ವ್ಯವಹಾರ ಆರಂಭಿಸಿತು. ಒಂದು f ಹೆಚ್ಚಿದ್ದುದರಿಂದ ಡೊಮೇನ್ ಸಿಗಲು ಯಾವ ಅಡ್ಡಿಯೂ ಬರಲಿಲ್ಲ. ಐವರು ಪ್ರವರ್ತಕರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಹೆಸರಿಟ್ಟೆವೆಂದು ಆ ಸಂಸ್ಥೆ ವಾದಿಸಿತು. ಬೆಂಗಳೂರಿನ ಸಿವಿಲ್ ನ್ಯಾಯಾಲಯದ ತಡೆಯಾಜ್ಞೆಯನ್ನು ಹೈಕೋರ್ಟ್ ತೆಗೆದುಹಾಕಿತು, 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಜಾರಿಗೆ ತಂದಿತು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನ ಗುಣವಿದೆ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಗ್ರಾಹಕರನ್ನು ದಾರಿ ತಪ್ಪಿಸದಂತೆ ತಡೆಯುವ ಕಾನೂನು ಅದಕ್ಕೂ ಅನ್ವಯಿಸುತ್ತದೆ ಎಂದು ಆ ತೀರ್ಪು ಹೇಳಿತು.

ಹಾಗೆಂದು ಹೋಲುವ ಹೆಸರುಗಳೆಲ್ಲ ನಿಷಿದ್ಧವೂ ಅಲ್ಲ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ‘ನಂದಿನಿ’ ಹೆಸರನ್ನು ಬಳಸುತ್ತಿತ್ತು, 1989ರಲ್ಲಿ ಆರಂಭವಾದ ‘ನಂಧಿನಿ’ ರೆಸ್ಟೋರೆಂಟ್ ತನ್ನ ಹೆಸರಿನ ನೋಂದಣಿ ಕೋರಿತು. ಸರಕುಗಳು ಬೇರೆಯಾದ್ದರಿಂದ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದವಕ್ಕೆ ನೋಂದಣಿ ಸಲ್ಲುತ್ತದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು.

ಹೆಸರು ಹೇಗೆ ಕೇಳಿಸುತ್ತದೆ, ಯಾವ ಸರಕಿಗೆ ಅಂಟಿದೆ, ಯಾರು ಮೊದಲು ಬಳಸಿದರು ಎಂಬ ಮೂರು ಪ್ರಶ್ನೆಗಳ ಮೇಲೆ ಇಂಥ ತಕರಾರುಗಳು ನಿಂತಿವೆ. ಈ ಪ್ರಶ್ನೆಗಳಿಗೆ ಬೇಕಾದ ಮಾಹಿತಿಯ ಬಹುಪಾಲು ನಿಮ್ಮ ದಾಖಲೆಗಳಲ್ಲೇ ಇದೆ. ಹಣ ಕಟ್ಟುವ ಮುನ್ನ ಅದು ನಮ್ಮ ಕಣ್ಣಿಗೆ ಬೀಳಬೇಕಾದದ್ದು ನ್ಯಾಯ. ಆದ್ದರಿಂದ ನಮ್ಮ ಹಕ್ಕೊತ್ತಾಯಗಳು ಇವು:

1. ಹೆಸರೊಂದನ್ನು ಒಮ್ಮೆ ಟೈಪ್ ಮಾಡಿದರೆ ನೋಂದಾಯಿತ ಹಾಗೂ ಅರ್ಜಿ ಹಂತದ ಟ್ರೇಡ್‌ಮಾರ್ಕ್‌ಗಳು, ಕಂಪನಿ ಹೆಸರುಗಳು ಮತ್ತು .in, .ಭಾರತ ಡೊಮೇನ್‌ಗಳು ಒಂದೇ ಪುಟದಲ್ಲಿ, ಕನ್ನಡದಲ್ಲಿ, ಉಚಿತವಾಗಿ ಕಾಣುವ ಹುಡುಕಾಟ ವ್ಯವಸ್ಥೆಯನ್ನು ಒದಗಿಸತಕ್ಕದ್ದು.

2. ಈ ಹುಡುಕಾಟವು ಅಕ್ಷರಕ್ಕೆ ಅಕ್ಷರ ಹೊಂದುವ ಹೆಸರುಗಳಿಗೆ ನಿಲ್ಲದೆ, Lakshmi ಮತ್ತು Laxmi, Nandini ಮತ್ತು Nandhini ಎಂಬಂತೆ ಒಂದೇ ಕನ್ನಡ ಹೆಸರಿಗೆ ಇಂಗ್ಲಿಷ್ ಲಿಪಿಯಲ್ಲಿ ಬರುವ ಬೇರೆ ಬೇರೆ ಬರಹಗಳನ್ನೂ ಕನ್ನಡ ಲಿಪಿಯ ರೂಪವನ್ನೂ ತಾನಾಗಿ ಜೋಡಿಸಿ ತೋರಿಸತಕ್ಕದ್ದು.

3. ಸರಕಿಗೆ 34, ಸೇವೆಗೆ 11 ಎಂದು ಹಂಚಿರುವ 45 ವರ್ಗಗಳಲ್ಲಿ ತನ್ನದು ಯಾವುದೆಂದು ತಿಳಿಯದವರು ‘ಖಾನಾವಳಿ’ ಎಂದು ಬರೆದರೆ ಊಟದ ಸೇವೆಯ 43ನೇ ವರ್ಗದ ಜೊತೆಗೆ ಆಹಾರ ಪದಾರ್ಥಗಳ 29 ಮತ್ತು 30ನೇ ವರ್ಗಗಳ ಹೆಸರುಗಳೂ ಸಿಗುವಂತೆ ಮಾಡತಕ್ಕದ್ದು.

4. ಹುಡುಕಾಟದಲ್ಲಿ ಸಿಕ್ಕ ಪ್ರತಿ ಹೆಸರಿನ ಮುಂದೆ ಅರ್ಜಿಯ ದಿನಾಂಕ, ಯಾವಾಗಿನಿಂದ ಬಳಕೆಯಲ್ಲಿದೆ ಎಂಬ ಅರ್ಜಿದಾರರ ಹೇಳಿಕೆ ಮತ್ತು ಅದು ಅನ್ವಯಿಸುವ ಸರಕುಗಳ ಪಟ್ಟಿಯನ್ನು ಕೊಡತಕ್ಕದ್ದು.

5. Objected ಎಂದರೆ ಪರಿಶೀಲಕರ ಆಕ್ಷೇಪಣೆ ಬಂದಿದೆಯೇ ಹೊರತು ಅರ್ಜಿ ಮುಗಿದಿಲ್ಲ, Abandoned ಎಂದರೆ ಅರ್ಜಿ ಬಿದ್ದುಹೋಗಿದ್ದರೂ ಆ ಹೆಸರಿನ ವ್ಯಾಪಾರ ನಡೆಯುತ್ತಿರಬಹುದು ಎಂಬಂತೆ ಪ್ರತಿ ಸ್ಥಿತಿಯ ಪರಿಣಾಮವನ್ನು ತಿಳಿಗನ್ನಡದಲ್ಲಿ ಅಲ್ಲೇ ವಿವರಿಸತಕ್ಕದ್ದು.

6. ನೋಂದಣಿ ಮಾಡಿಸದೆಯೂ ಹೆಸರನ್ನು ಮೊದಲಿನಿಂದ ಬಳಸಿದವರ ಹಕ್ಕನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಕಲಂ ಕಾಪಾಡುವುದರಿಂದ, ಏನೂ ಸಿಗದ ಹುಡುಕಾಟದ ಕೊನೆಗೆ ‘ಇದು ಪೂರ್ಣ ಖಾತರಿಯಲ್ಲ, ಮಾರುಕಟ್ಟೆಯಲ್ಲೂ ಅಂತರ್ಜಾಲದಲ್ಲೂ ಆ್ಯಪ್ ಮಳಿಗೆಗಳಲ್ಲೂ ಹುಡುಕಿ ನೋಡಿ’ ಎಂಬ ಎಚ್ಚರಿಕೆಯನ್ನು ಕಡ್ಡಾಯವಾಗಿ ಹಾಕತಕ್ಕದ್ದು.

7. .in ಮತ್ತು .ಭಾರತ ಡೊಮೇನ್ ಮಾರುವ ಪ್ರತಿಯೊಬ್ಬರೂ ಹಣ ಪಡೆಯುವ ಗುಂಡಿಯ ಮೇಲ್ಗಡೆಯೇ, ಕೊಳ್ಳುವವರು ಬಿಟ್ಟು ಮುಂದೆ ಹೋಗಲಾಗದಂತೆ, ಹೋಲುವ ಟ್ರೇಡ್‌ಮಾರ್ಕ್‌ಗಳ ಪಟ್ಟಿ ತೋರಿಸಬೇಕೆಂದು ಆದೇಶ ಹೊರಡಿಸತಕ್ಕದ್ದು.

8. .com ಮುಂತಾದ ಡೊಮೇನ್‌ಗಳನ್ನು ನೋಂದಣಿಯ 5 ದಿನಗಳೊಳಗೆ ರದ್ದು ಮಾಡಿ ರಿಜಿಸ್ಟ್ರಿಯಿಂದ ಹಣ ವಾಪಸು ಪಡೆಯುವ ಅವಕಾಶ ಮಾರಾಟಗಾರರಿಗೆ ಇರುವಂತೆಯೇ, ಹೆಸರಿನ ತಕರಾರು ಕಂಡುಬಂದ ಕೊಳ್ಳುಗರಿಗೂ ಅಷ್ಟೇ ದಿನಗಳೊಳಗೆ .in ಮತ್ತು .ಭಾರತ ಡೊಮೇನ್‌ಗಳ ಪೂರ್ಣ ಹಣ ಮರಳಿಸುವ ನಿಯಮ ತರತಕ್ಕದ್ದು.

9. ಹುಡುಕಿದ ಹೆಸರನ್ನು ಬೇರೆಯವರು ಮೊದಲೇ ಕೊಂಡು ಹೆಚ್ಚಿನ ಬೆಲೆಗೆ ಮಾರದಂತೆ, ಹುಡುಕಾಟದ ದಾಖಲೆಯನ್ನು ಇಟ್ಟುಕೊಳ್ಳುವುದನ್ನೂ ಹಂಚುವುದನ್ನೂ ನಿಷೇಧಿಸತಕ್ಕದ್ದು.

10. ಕಂಪನಿಯ ಹೆಸರಿಗೆ ಒಪ್ಪಿಗೆ ಕೊಡುವ ಪತ್ರದ ಮೊದಲ ಸಾಲಿನಲ್ಲೇ, ಇದು ಟ್ರೇಡ್‌ಮಾರ್ಕ್ ಹಕ್ಕಲ್ಲವೆಂದೂ ನೋಂದಾಯಿತ ಟ್ರೇಡ್‌ಮಾರ್ಕಿನ ಒಡೆಯರು 3 ವರ್ಷಗಳೊಳಗೆ ಅರ್ಜಿ ಕೊಟ್ಟರೆ 2013ರ ಕಂಪನಿ ಕಾಯ್ದೆಯ 16ನೇ ಕಲಮಿನಡಿ ಹೆಸರು ಬದಲಿಸಬೇಕಾದೀತೆಂದೂ ಬರೆಯತಕ್ಕದ್ದು.

11. ಟ್ರೇಡ್‌ಮಾರ್ಕ್ ಅರ್ಜಿಗೆ ಸಣ್ಣ ಉದ್ದಿಮೆಯೂ ಪ್ರತಿ ವರ್ಗಕ್ಕೆ ಕನಿಷ್ಠ 4,500 ರೂಪಾಯಿ ತೆರಬೇಕಾಗಿರುವುದರಿಂದ, ಆ ಶುಲ್ಕ ಕಟ್ಟುವ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿದವರಿಗೆ 7 ಕೆಲಸದ ದಿನಗಳೊಳಗೆ ಕನ್ನಡದಲ್ಲಿ ಲಿಖಿತ ಹುಡುಕಾಟ ವರದಿ ಸಿಗುವಂತೆ ರಾಜ್ಯ ಸರ್ಕಾರದೊಡನೆ ಸೇರಿ ವ್ಯವಸ್ಥೆ ಮಾಡತಕ್ಕದ್ದು.

ಈ ಹಕ್ಕೊತ್ತಾಯಗಳಲ್ಲಿ ಯಾವುದನ್ನು ಯಾವ ದಿನಾಂಕದೊಳಗೆ ಜಾರಿಗೆ ತರುವಿರಿ, ಯಾವುದನ್ನು ಏಕೆ ತರಲಾರಿರಿ ಎಂಬುದಕ್ಕೆ ಒಂದೊಂದಕ್ಕೂ ಪ್ರತ್ಯೇಕವಾಗಿ 60 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು. ಹೆಸರಿಗಾಗಿ ಹಣ ಪಡೆಯುವವರು ಆ ಹೆಸರಿನ ಬಗ್ಗೆ ತಮ್ಮ ದಾಖಲೆಯಲ್ಲಿರುವುದನ್ನು ಮೊದಲೇ ಹೇಳಬೇಕಾದದ್ದು ಅವರ ಕರ್ತವ್ಯ.

ಕರ್ನಾಟಕದ ಸಣ್ಣ ಉದ್ದಿಮೆದಾರರ ಪರವಾಗಿ