ಐದನೇ ತರಗತಿಗೆ ವಿಶ್ವವಿದ್ಯಾಲಯದ ಕಾಯ್ದೆ ಬೇಡ

ನಾಗಪುರದ ಅಂಚಿನ ವಡಧಾಮನಾ ಗ್ರಾಮದಲ್ಲಿ 2025ರ ಜುಲೈನಲ್ಲಿ ಒಂದು ಅಂಗನವಾಡಿ ಉದ್ಘಾಟನೆಯಾಯಿತು. ದೇಶದ ಮೊದಲ ಎಐ ಅಂಗನವಾಡಿ ಎಂದು ಪತ್ರಿಕೆಗಳು ಬರೆದವು. ಅಕ್ಷರ ತಿದ್ದುವ ವಯಸ್ಸಿನ ಮಕ್ಕಳಿಗೆ ಅಲ್ಲಿ ಸ್ಮಾರ್ಟ್ ಬೋರ್ಡು, ಕಣ್ಣಿಗೆ ಕಟ್ಟುವ ವಿಆರ್ ಪೆಟ್ಟಿಗೆ. ಇದೇ ನಾಗಪುರದಲ್ಲಿ 1923ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯವೂ ಇದೆ. ಇವೆರಡರ ನಡುವೆ ಒಂದರಿಂದ ಎಂಟನೇ ತರಗತಿಯವರೆಗೆ ಪಾಠ ಹೇಳುವವರಿದ್ದಾರಲ್ಲ, ನನ್ನ ಆತಂಕ ಅವರ ಬಗ್ಗೆ.

ಮೂರನೇ ತರಗತಿಯಿಂದಲೇ ಎಐ ಕಲಿಸುವುದಾಗಿ ಕೇಂದ್ರ ಶಿಕ್ಷಣ ಸಚಿವಾಲಯ ಹೇಳಿದೆ; 2026-27ರ ಶೈಕ್ಷಣಿಕ ವರ್ಷದಿಂದ ಎಂಬ ಗಡುವೂ ಇದೆ. ಆಗ ಯಂತ್ರದಿಂದ ಬರೆಸಿಕೊಂಡು ಬಂದ ಮಗುವನ್ನು ಏನು ಮಾಡಬೇಕು ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಉತ್ತರಕ್ಕಾಗಿ ಶಾಲೆಗಳು ಕಾಲೇಜಿನ ಕಡೆ ನೋಡುವ ಅಪಾಯವಿದೆ. ಅಲ್ಲಿನ ಪದ್ಧತಿ ಗೊತ್ತಿರುವುದೇ: ಯುಜಿಸಿಯ 2018ರ ನಿಯಮದ ಪ್ರಕಾರ ಪ್ರಬಂಧದ ಹೋಲಿಕೆ ಶೇ. 10ರೊಳಗಿದ್ದರೆ ದಂಡನೆ ಇಲ್ಲ, ಮೇಲೆ ಹೋದಂತೆ ಶಿಕ್ಷೆ ಏರುತ್ತದೆ. ಈಗ ಅದರ ಜೊತೆಗೆ ಎಐ ಪತ್ತೆ ಮಾಡುವ ತಂತ್ರಾಂಶವೂ ಸೇರಿಕೊಂಡಿದೆ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಯಂತ್ರ ನಿಖರವಾಗಿಲ್ಲವೆಂದು 2023ರ ಜುಲೈನಲ್ಲಿ ಹಿಂದಕ್ಕೆ ಪಡೆಯಿತು ಎಂಬುದನ್ನು ಯಾರೂ ನೆನಪಿಡುವುದಿಲ್ಲ.

ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಕೇಳುವುದು 'ಇದು ಯಾರದ್ದು?' ಎಂದು. ಸಂಶೋಧಕನಿಗೆ ಓದು ಬರಹ ಬರುತ್ತದೆ. ಯಂತ್ರ ಬಳಸಿದ್ದನ್ನು ಹೇಳಿಕೊಂಡನೇ, ಅದು ಕೊಟ್ಟ ಉಲ್ಲೇಖ ನಿಜವಾಗಿ ಇದೆಯೇ, ಮೌಖಿಕ ಪರೀಕ್ಷೆಯಲ್ಲಿ ಸಮರ್ಥಿಸಿಕೊಳ್ಳಬಲ್ಲನೇ ಎಂಬಲ್ಲಿಗೆ ವಿಷಯ ಮುಗಿಯುತ್ತದೆ. ಪ್ರಾಥಮಿಕ ಶಾಲೆಯ ಮೇಷ್ಟ್ರು ಕೇಳಬೇಕಾದದ್ದು ಬೇರೆ: 'ಇದು ಮಗುವಿಗೆ ಬಂತೇ?'

ಒಂದು ಲೆಕ್ಕ ನೋಡಿ. ಐದನೇ ತರಗತಿಯ ಹುಡುಗಿ ಅರ್ಧಕ್ಕೆ ಮೂರನೇ ಒಂದು ಕೂಡಿಸಿ 2/5 ಎಂದು ಬರೆಯುತ್ತಾಳೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾಳೆ. ಅನುಭವಿ ಮೇಷ್ಟ್ರಿಗೆ ಈ ತಪ್ಪು ಚಿನ್ನದಂಥದ್ದು: ಭಿನ್ನರಾಶಿ ಎಂದರೆ ಒಂದೇ ಸಂಖ್ಯೆ ಎಂಬುದು ಅವಳಿಗಿನ್ನೂ ಹೊಳೆದಿಲ್ಲ ಎಂದು ಅದು ಹೇಳುತ್ತದೆ. ಅವರು ಒಂದು ಕಾಗದದ ಪಟ್ಟಿ ಕೊಟ್ಟು ಎರಡಾಗಿ ಮಡಿಸಲು ಹೇಳುತ್ತಾರೆ. ಅಷ್ಟೇ ಉದ್ದದ ಇನ್ನೊಂದನ್ನು ಐದು ಭಾಗ ಮಾಡಿ ಎರಡು ಭಾಗಕ್ಕೆ ಬಣ್ಣ ಹಚ್ಚಿಸುತ್ತಾರೆ. ಪಕ್ಕಪಕ್ಕ ಇಟ್ಟರೆ 2/5 ಅರ್ಧಕ್ಕಿಂತ ಚಿಕ್ಕದು. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಕಡಿಮೆಯಾಯಿತೇ? ಹುಡುಗಿ ಹುಬ್ಬು ಗಂಟಿಕ್ಕುತ್ತಾಳಲ್ಲ, ಪಾಠ ಅಲ್ಲಿಂದ ಶುರು. ಅದೇ ಅವಳು ಅಪ್ಪನ ಮೊಬೈಲಿಗೆ ಕೇಳಿ 5/6 ಎಂದು ದುಂಡಗೆ ಬರೆದು ತಂದಿದ್ದರೆ? ಮೇಷ್ಟ್ರು ರೈಟ್ ಹಾಕಿ ಮುಂದೆ ಹೋಗುತ್ತಿದ್ದರು. ಅಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ತಪ್ಪು ಕಾಣೆಯಾಯಿತು, ಅಷ್ಟೇ.

ಹಾಗಾಗಿ ಕಳ್ಳರನ್ನು ಹಿಡಿಯುವ ಕೆಲಸ ಇಲ್ಲಿ ದಂಡ. ಗಮನಿಸಬೇಕಾದ ಸೂಚನೆಗಳು ಬೇರೆ. ಮನೆಗೆಲಸದ ಪುಸ್ತಕಕ್ಕೂ ತರಗತಿಯಲ್ಲಿ ಬರೆದದ್ದಕ್ಕೂ ಅಜಗಜಾಂತರ. ತಾನೇ ಬರೆದ ವಾಕ್ಯವನ್ನು ಓದಲು ಹೇಳಿದರೆ ಮಗು ನಡುವೆ ತಡವರಿಸುವುದು. ತಪ್ಪುಗಳು ಒಮ್ಮೆಲೇ ನಿಂತುಹೋಗುವುದು. ಇಂಥದ್ದು ಕಂಡರೆ ಬೈಯಬೇಕಿಲ್ಲ. ಅದೇ ಲೆಕ್ಕವನ್ನು ಅಂಕಿ ಬದಲಿಸಿ ಬೋರ್ಡಿನ ಮುಂದೆ ಮಾಡಿಸಿದರೆ ಸಾಕು.

ಮನೆಗೆಲಸದೊಳಗೆ ಯಂತ್ರ ನುಗ್ಗುವ ದಾರಿಯನ್ನೂ ಶಾಲೆಗಳೇ ತೆರೆದಿಟ್ಟಿವೆ. ಮನೆಗೆಲಸ ಕಳಿಸಲು ಕೊರೊನಾ ಕಾಲದಲ್ಲಿ ಶುರುವಾದ ವಾಟ್ಸಾಪ್ ಗುಂಪು ಇನ್ನೂ ಬದುಕಿದೆ. 2024ರಿಂದ ಅದೇ ವಾಟ್ಸಾಪಿನೊಳಗೆ ಮೆಟಾದ ಎಐ ಕೂತಿದೆ. ಪ್ರಶ್ನೆ ಬರುವ ಪರದೆಯ ಮೇಲೇ ಉತ್ತರವೂ ಸಿಗುತ್ತದೆ. ಮಗುವನ್ನು ದೂರುವುದು ಹೇಗೆ?

ಆರರಿಂದ ಎಂಟನೇ ತರಗತಿಯಲ್ಲಿ ಬಾಗಿಲು ಸ್ವಲ್ಪ ತೆರೆಯಬಹುದು, ಆದರೆ ಯಂತ್ರ ಮೇಷ್ಟ್ರ ಕೈಯಲ್ಲೇ ಇರಲಿ. ನಾಗಪುರದ ಬಗ್ಗೆ ಅದು ಬರೆದ ಒಂದು ಪ್ಯಾರಾವನ್ನು ಬೋರ್ಡಿನ ಮೇಲೆ ಹಾಕಿ, ಸಮಾಜ ಪುಸ್ತಕ ತೆರೆದು ತಪ್ಪು ಹುಡುಕಿಸಲಿ. ತರಗತಿಯಲ್ಲಿ ಇಂಥ ಎಐ ಬಳಕೆಗೆ ಕನಿಷ್ಠ ವಯಸ್ಸು 13 ವರ್ಷ ಎಂದು ಯುನೆಸ್ಕೋ 2023ರಲ್ಲೇ ಹೇಳಿದೆ. ನಮ್ಮ 2023ರ ದತ್ತಾಂಶ ರಕ್ಷಣಾ ಕಾಯ್ದೆಯ ಲೆಕ್ಕದಲ್ಲಂತೂ 18 ತುಂಬದವರೆಲ್ಲ ಮಕ್ಕಳೇ; ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಹೆಸರಿರುವ ನೋಟ್‌ಬುಕ್ಕಿನ ಫೋಟೊ ತೆಗೆದು ಯಂತ್ರದಿಂದ ತಿದ್ದಿಸುವ ಶಿಕ್ಷಕರೂ ಇದನ್ನು ಗಮನಿಸಬೇಕು.

ಮುಖ್ಯೋಪಾಧ್ಯಾಯರಲ್ಲಿ ಒಂದೇ ಕೋರಿಕೆ: ಪತ್ತೆ ತಂತ್ರಾಂಶಕ್ಕೆ ದುಡ್ಡು ಕಟ್ಟುವ ಮೊದಲು, ಐದನೇ ತರಗತಿಯವರೆಗಿನ ಲೆಕ್ಕ ಮತ್ತು ಬರವಣಿಗೆಯನ್ನು ಮನೆಯಿಂದ ತರಗತಿಗೆ ವಾಪಸ್ ತನ್ನಿ.