ಒಂದು ಕಾಸಿಗೆ ಹತ್ತು ಫೋಟೋ

ಪ್ರಕಾಶಂ ಬ್ಯಾರೇಜಿನ ಮೇಲೆ ಸಂಜೆ ನಡೆದು ಬಂದವರಿಗೆ ಇದು ಗೊತ್ತಿರುತ್ತದೆ. ಮಧ್ಯಾಹ್ನ ನೋಡಿದರೆ ಇಂದ್ರಕೀಲಾದ್ರಿ ಬರೀ ಒಂದು ಬೂದು ಗುಡ್ಡೆ. ಅದೇ ಬೆಟ್ಟ ಸಂಜೆ ಐದರ ಮೇಲೆ ಬೇರೆಯೇ ಆಗಿಬಿಡುತ್ತದೆ. ಬಂಡೆಯ ಒಂದೊಂದು ಮಡಿಕೆಯೂ ಎದ್ದು ಕಾಣುತ್ತದೆ. ಬೆಟ್ಟ ಬದಲಾಗಿಲ್ಲ, ಬಿಸಿಲು ಓರೆಯಾಗಿದೆ ಅಷ್ಟೆ. ಈ ಸಣ್ಣ ಸಂಗತಿ ಕಳೆದ ತಿಂಗಳು ನಮ್ಮ ಬೀದಿಯ ಒಂದು ಮನೆಯ ದುಡ್ಡು ಉಳಿಸಿತು. ಈ ಸಲದ ಅಂಕಣ ಅದರದೇ ಕಥೆ.

ಪಕ್ಕದ ಮನೆಯ ಅಕ್ಕ ಚಳ್ಳಕೆರೆ ಕಡೆಯವರು. ವಿಜಯವಾಡಕ್ಕೆ ಬಂದು ಇಪ್ಪತ್ತು ವರ್ಷವಾಯಿತು. ಅತ್ತೆಯ ದೇವರ ಪೆಟ್ಟಿಗೆಯಲ್ಲಿ ಅವರಿಗೊಂದು ಕಪ್ಪಾದ ತಾಮ್ರದ ಕಾಸು ಸಿಕ್ಕಿತ್ತು, ಮೇಲೊಂದು ಆನೆ. ಅವರ ಮಗ ಅಂಗೈಯಲ್ಲಿಟ್ಟು ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು, ಹಳೆ ನಾಣ್ಯ ಕೊಳ್ಳುತ್ತೇವೆ ಎಂದು ಜಾಹೀರಾತು ಹಾಕಿದ್ದ ಯಾರಿಗೋ ಕಳಿಸಿದ್ದ. ಹತ್ತೇ ನಿಮಿಷದಲ್ಲಿ ಉತ್ತರ ಬಂತು: "ಇದು ಟಿಪ್ಪು ಸುಲ್ತಾನನ ದೊಡ್ಡ ನಾಣ್ಯ, ಮೂರು ಲಕ್ಷ ಕೊಡುತ್ತೇವೆ. ಮೊದಲು ನೋಂದಣಿ ಶುಲ್ಕ ನಾಲ್ಕೂವರೆ ಸಾವಿರ ಕಳಿಸಿ."

ಅಕ್ಕ ನನ್ನ ಬಳಿ ಬಂದಾಗ ಅವರ ಒಂದು ಕೈಯಲ್ಲಿ ಕಾಸಿತ್ತು, ಇನ್ನೊಂದು ಕೈಯಲ್ಲಿ ಹುಣಸೆಹಣ್ಣು. "ತಿಕ್ಕಿ ಬೆಳ್ಳಗೆ ಮಾಡಿ ಇನ್ನೊಂದು ಫೋಟೋ ಕಳಿಸೋಣ ಅಂತಿದ್ದೀನಿ" ಎಂದರು. "ಅಕ್ಕಾ, ಹುಣಸೆಹಣ್ಣು ಸಾರಿಗೆ ಇರಲಿ, ಕಾಸು ಇಲ್ಲಿ ಕೊಡಿ" ಎಂದು ಇಸಿದುಕೊಂಡೆ. ಹುಳಿ ತಾಮ್ರದ ಮೇಲ್ಪದರವನ್ನು ತಿನ್ನುತ್ತದೆ. ಸವೆದ ಅಕ್ಷರದ ಅಳಿದುಳಿದ ಅಂಚು ಇರುವುದು ಆ ಪದರದಲ್ಲೇ.

ಮೈಸೂರಿನಲ್ಲಿರುವ ನನ್ನ ಚಿಕ್ಕಪ್ಪನಿಗೆ ನಲವತ್ತು ವರ್ಷದಿಂದ ನಾಣ್ಯದ ಹುಚ್ಚು. ಮಗ ತೆಗೆದಿದ್ದ ಫೋಟೋವನ್ನೇ ಅವರಿಗೆ ಕಳಿಸಿದೆ. ಅವರು ಫೋನ್ ಮಾಡಿ, "ಆನೆ ಇದೆ ಅನ್ನೋದು ಬಿಟ್ಟರೆ ಇದರಲ್ಲಿ ಏನೂ ಇಲ್ಲ ಮಾರಾಯ. ಎಷ್ಟು ದೊಡ್ಡದು? ಹಿಂದೆ ಏನಿದೆ? ನೆಟ್ಟಗೆ ತೆಗೆದು ಕಳಿಸು" ಎಂದರು. ನೆಟ್ಟಗೆ ಎಂದರೆ ಹೇಗೆ ಎಂದು ಕೇಳಿದ್ದಕ್ಕೆ ಒಂದು ಗಂಟೆ ಪಾಠವಾಯಿತು.

ಮೊದಲು ಅಳತೆಯ ವಿಷಯ. ಟಿಪ್ಪು 1782ರಿಂದ 1799ರವರೆಗೆ ಆಳಿದ. ಅವನ ತಾಮ್ರದ ನಾಣ್ಯಗಳಲ್ಲಿ ಎರಡು ಪೈಸೆ, ಪೈಸೆ, ಅರ್ಧ, ಕಾಲು, ಅರೆಕಾಲು ಎಂದು ಐದು ಬಗೆ. ಎಲ್ಲದರ ಮೇಲೂ ಆನೆ. ಪೈಸೆ ಸುಮಾರು 11 ಗ್ರಾಂ ತೂಗಿದರೆ ಅರ್ಧ ಪೈಸೆ ಅದರ ಅರ್ಧ, ಕಾಲು ಅದಕ್ಕೂ ಅರ್ಧ. ಫೋಟೋದಲ್ಲಿ ಪರದೆ ತುಂಬುವಂತೆ ತೆಗೆದರೆ ಕಾಲು ಪೈಸೆಯೂ ಎರಡು ಪೈಸೆಯಷ್ಟೇ ದೊಡ್ಡದಾಗಿ ಕಾಣುತ್ತದೆ. "ದೊಡ್ಡ ನಾಣ್ಯ" ಎಂದವನು ಯಾವುದನ್ನು ನೋಡಿ ಹಾಗೆಂದ ಎಂದು ನನಗೆ ಆಗ ಹೊಳೆಯಿತು.

ನಾನು ಜಾಣತನ ಮಾಡಿ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಕಳಿಸಿದೆ. ಚಿಕ್ಕಪ್ಪ ಅದನ್ನೂ ಒಪ್ಪಲಿಲ್ಲ. "ಯಾವ ರೂಪಾಯಿ?" ಎಂದರು. ನಿಜ. ನಮ್ಮ ಜೇಬಿನಲ್ಲಿರುವ ಒಂದು ರೂಪಾಯಿಗಳಲ್ಲಿ 25 ಮಿಲಿಮೀಟರಿನದೂ ಇದೆ, 2011ರ ನಂತರದ 22 ಮಿಲಿಮೀಟರಿನದೂ ಇದೆ, ಈಚಿನ 20 ಮಿಲಿಮೀಟರಿನದೂ ಇದೆ. ಮಕ್ಕಳ ಕಂಪಾಸ್ ಬಾಕ್ಸಿನ ಸ್ಕೇಲೇ ಒಳ್ಳೆಯದು. ಅದನ್ನು ಕಾಸಿಗೆ ತಾಗಿಸಿ ಅದೇ ಮೇಜಿನ ಮೇಲೆ ಮಲಗಿಸಬೇಕು. ಕಾಸನ್ನು ಬೆರಳಲ್ಲಿ ಎತ್ತಿ ಹಿಡಿದು ಸ್ಕೇಲನ್ನು ಕೆಳಗೆ ಮೇಜಿನ ಮೇಲೆ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಫೋನು ಮೇಜಿನಿಂದ 20 ಸೆಂಟಿಮೀಟರ್ ಮೇಲಿದ್ದು ಕಾಸು 3 ಸೆಂಟಿಮೀಟರ್ ಎತ್ತರದಲ್ಲಿದ್ದರೆ, 22 ಮಿಲಿಮೀಟರಿನ ಕಾಸು ಸ್ಕೇಲಿನ ಮೇಲೆ 26 ಎಂದು ತೋರಿಸುತ್ತದೆ. ಹತ್ತಿರದ್ದು ದೊಡ್ಡದಾಗಿ ಕಾಣುವುದು ಸಹಜವಲ್ಲವೇ.

ಅಕ್ಕನ ಕಾಸು ಸ್ಕೇಲಿನ ಪಕ್ಕದಲ್ಲಿ 18 ಮಿಲಿಮೀಟರ್ ಬಂತು. ಬೀದಿಯ ಕೊನೆಯ ಆಚಾರಿಯ ತಕ್ಕಡಿಯಲ್ಲಿ ತೂಕ ನಾಲ್ಕೂವರೆ ಗ್ರಾಂ. ದೊಡ್ಡ ನಾಣ್ಯವಂತೂ ಅಲ್ಲ.

ಎರಡನೆಯದು ಕೋನ. ಫೋನು ಕಾಸಿನ ನೆತ್ತಿಯ ಮೇಲೆ, ಮೇಜಿಗೆ ಸಮಾನಾಂತರವಾಗಿರಬೇಕು. ಓರೆಯಾದರೆ ದುಂಡಗಿದ್ದದ್ದು ಮೊಟ್ಟೆಯಾಗುತ್ತದೆ. ಆ ಕಾಲದ ಕಾಸುಗಳು ಮೊದಲೇ ಸೊಟ್ಟ, ಹಾಗಾಗಿ ಸೊಟ್ಟಗಿರುವುದು ಕಾಸೋ ಫೋಟೋವೋ ಎಂದು ನೋಡುವವರಿಗೆ ತಿಳಿಯುವುದಿಲ್ಲ. ನಾನು ಎರಡು ಕಡೆ ಪುಸ್ತಕ ಪೇರಿಸಿ ಮೇಲೆ ಫೋನನ್ನು ಅಡ್ಡ ಮಲಗಿಸಿದೆ. ಕ್ಯಾಮೆರಾ ಪುಸ್ತಕಗಳ ನಡುವಿನ ಸಂದಿಯಿಂದ ಕೆಳಗೆ ನೋಡುವಂತಿತ್ತು. ಎತ್ತರ ಒಂದು ಗೇಣು. ಇನ್ನೂ ಹತ್ತಿರ ಹೋದರೆ ಫೋಕಸ್ ಕೂರುವುದಿಲ್ಲ, ಅಂಚುಗಳೂ ಎಳೆದಂತಾಗುತ್ತವೆ. ದೂರವಿಟ್ಟು ಎರಡರಷ್ಟು ಜೂಮ್ ಮಾಡುವುದೇ ಮೇಲು. ಕೈ ತಾಗಿ ಅಲುಗದಂತೆ ಮೂರು ಸೆಕೆಂಡಿನ ಟೈಮರ್ ಹಾಕಿದೆ. ಕಪ್ಪು ವಸ್ತುವನ್ನು ಕಂಡರೆ ಫೋನು ಬೆಳಕು ಹೆಚ್ಚಿಸಿಬಿಡುತ್ತದೆ, ಆದ್ದರಿಂದ ಕಾಸಿನ ಮೇಲೆ ಬೆರಳೊತ್ತಿ ಬೆಳಕನ್ನು ಸ್ವಲ್ಪ ಕೆಳಗಿಳಿಸಿದೆ.

ಇನ್ನು ಬೆಳಕು. ಮಗ ಹಾಕಿದ್ದ ಫ್ಲ್ಯಾಶ್ ಮಧ್ಯಾಹ್ನದ ಬಿಸಿಲಿದ್ದಂತೆ, ನೇರವಾಗಿ ಮೇಲಿಂದ ಬೀಳುತ್ತದೆ. ನೆರಳಿಲ್ಲದಿದ್ದರೆ ಉಬ್ಬೂ ಇಲ್ಲ ತಗ್ಗೂ ಇಲ್ಲ. ಸವೆದ ಕಾಸಿನ ಅಕ್ಷರ ಕೂದಲೆಳೆಯಷ್ಟು ಮಾತ್ರ ಎದ್ದಿರುತ್ತದೆ. ಅದು ಕಾಣಬೇಕಾದರೆ ಬೆಳಕು ಇಂದ್ರಕೀಲಾದ್ರಿಯ ಸಂಜೆಯ ಬಿಸಿಲಿನಂತೆ ಪಕ್ಕದಿಂದ, ಮೇಜನ್ನು ಸವರಿಕೊಂಡು ಬರಬೇಕು. ಕೋಣೆಯ ದೀಪ ಆರಿಸಿ ಮಗಳ ಟೇಬಲ್ ಲ್ಯಾಂಪನ್ನು ಮೇಜಿನ ಮಟ್ಟಕ್ಕೆ ಬಗ್ಗಿಸಿದೆ. ಗಡಿಯಾರದ ಹನ್ನೆರಡು, ಮೂರು, ಆರು, ಒಂಬತ್ತರ ಕಡೆಯಿಂದ ಒಂದೊಂದು ಫೋಟೋ. ಕಾಸನ್ನೂ ಫೋನನ್ನೂ ಅಲುಗಿಸಲಿಲ್ಲ, ದೀಪ ಮಾತ್ರ ಸುತ್ತಿತು.

ನಾಲ್ಕು ದಿಕ್ಕು ಏಕೆ ಎಂಬುದು ಕಾಸಿನ ಹಿಂಬದಿಯನ್ನು ತೆಗೆದಾಗ ತಿಳಿಯಿತು. ಅಂಚಿನ ಹತ್ತಿರ, ಒಂಬತ್ತರ ಕಡೆಯ ಬೆಳಕಿನಲ್ಲಿ ಎರಡು ನೆಟ್ಟ ಗೆರೆ ಕಂಡವು, ನಡುವೆ ಏನೂ ಇಲ್ಲ. ಹನ್ನೆರಡರ ಕಡೆಯಿಂದ ಬೆಳಕು ಬಿಟ್ಟಾಗ ನೆಟ್ಟ ಗೆರೆಗಳು ಮಾಯವಾಗಿ ನಡುವೆ ಒಂದು ಅಡ್ಡಗೆರೆ ಕಂಡಿತು. ಬೆಳಕು ಹರಿಯುವ ದಿಕ್ಕಿನಲ್ಲೇ ಇರುವ ಗೆರೆಗೆ ನೆರಳು ಬೀಳುವುದಿಲ್ಲ, ಅದಕ್ಕೇ ಅದು ಅಡಗಿಕೊಳ್ಳುತ್ತದೆ. ಎರಡೂ ಫೋಟೋ ಪಕ್ಕಪಕ್ಕ ಇಟ್ಟಾಗ ಇಂಗ್ಲಿಷಿನ ಎಚ್ ಅಕ್ಷರ ಎದ್ದು ನಿಂತಿತು!

ಅದು ಗೀರಲ್ಲ, ಅಕ್ಷರವೇ ಎಂದು ಹೇಗೆ ನಂಬುವುದು? ಚಿಕ್ಕಪ್ಪ ಒಂದು ಪರೀಕ್ಷೆ ಹೇಳಿಕೊಟ್ಟರು. ಎದ್ದಿರುವ ಗೆರೆಗೆ ದೀಪದ ಕಡೆಯ ಅಂಚು ಹೊಳೆಯುತ್ತದೆ, ಆಚೆ ಕಡೆ ನೆರಳು. ಗೀರು ತಗ್ಗು, ಆದ್ದರಿಂದ ಅದಕ್ಕೆ ದೀಪದ ಕಡೆ ನೆರಳು, ಆಚೆ ಅಂಚು ಹೊಳಪು. ದೀಪ ಯಾವ ಕಡೆ ಇತ್ತು ಎಂದು ಗೊತ್ತಿದ್ದರೆ ಮಾತ್ರ ಈ ಪರೀಕ್ಷೆ ನಡೆಯುತ್ತದೆ, ಹಾಗಾಗಿ ಪ್ರತಿ ಫೋಟೋದ ಜೊತೆ ಅದನ್ನು ಬರೆದು ಕಳಿಸಬೇಕು. ಆರರ ಕಡೆಯಿಂದ ತೆಗೆದ ಫೋಟೋದಲ್ಲಿ ನಮ್ಮ ಆನೆ ಒಳಕ್ಕೆ ಅಚ್ಚೊತ್ತಿದ ಹಳ್ಳದಂತೆ ಕಂಡಿತು. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಕಣ್ಣು ಮೊದಲೇ ತೀರ್ಮಾನ ಮಾಡಿರುತ್ತದೆ. ಒಂದೇ ಫೋಟೋ ಕಳಿಸುವುದಾದರೆ ಹನ್ನೆರಡರ ಕಡೆಯದನ್ನೇ ಕಳಿಸಿ ಎನ್ನುವುದು ಇದಕ್ಕೇ.

ಹಿಂಬದಿಯ ನಾಲ್ಕು ಫೋಟೋ ಸೇರಿಸಿ ಓದಿದಾಗ ಎಚ್‌ಗೆ ಮೊದಲು ಎಸ್, ಅದಕ್ಕೆ ಮೊದಲು ಎ. ಮೇಲುಗಡೆ ಕನ್ನಡದಲ್ಲಿ "ಯಿಲಿ ಕಾ" ಎಂಬಷ್ಟು. ಚಿಕ್ಕಪ್ಪ ಫೋನಿನಲ್ಲೇ ನಕ್ಕರು. "ಮಯಿಲಿ ಕಾಸು ಕಣೋ ಇದು! ಮುಮ್ಮಡಿ ಕೃಷ್ಣರಾಜ ಒಡೆಯರದ್ದು." 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿಯವರೂ ತಮ್ಮ ತಾಮ್ರದ ಕಾಸುಗಳ ಮೇಲೆ ಆನೆಯನ್ನು ಹಾಕಿಸಿದ್ದರು. ಟಿಪ್ಪುವಿನ ಕಾಸುಗಳಲ್ಲಿ ಬರಹವೆಲ್ಲ ಪರ್ಷಿಯನ್ ಲಿಪಿಯಲ್ಲಿ. ಕನ್ನಡದ "ಮಯಿಲಿ ಕಾಸು" ಮತ್ತು ಇಂಗ್ಲಿಷಿನ "ಕ್ಯಾಶ್" ಒಟ್ಟಿಗೆ ಇದ್ದರೆ ಅದು ಒಡೆಯರದು. ಇಡೀ ಗುಟ್ಟು ಇದ್ದದ್ದು ಹಿಂಬದಿಯಲ್ಲಿ. ಆನೆ ಚೆನ್ನಾಗಿದೆಯೆಂದು ಎಲ್ಲರೂ ಅದನ್ನೊಂದೇ ತೆಗೆಯುತ್ತಾರೆ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಬೆಲೆ ಸೂಚಿಸುವ ರೋಮನ್ ಅಂಕಿಯಲ್ಲಿ ಒಂದು ಎಕ್ಸ್ ಮಾತ್ರ ಕಾಣುತ್ತಿತ್ತು. ಒಂದಾದರೆ ಹತ್ತು ಕಾಸು, ಎರಡಾದರೆ ಇಪ್ಪತ್ತು. ಅಚ್ಚು ಬಿಲ್ಲೆಗಿಂತ ಅಗಲವಿದ್ದರೆ ಅಂಚಿನ ಅಕ್ಷರ ಹೊರಗೇ ಉಳಿದುಬಿಡುತ್ತದೆ, ಆಗ ಎಷ್ಟು ಬೆಳಕು ಹಾಕಿದರೂ ಇಲ್ಲದ್ದು ಕಾಣದು. ಇಲ್ಲಿ ಸ್ಕೇಲು ಮತ್ತು ತಕ್ಕಡಿ ಕೈ ಹಿಡಿದವು. ಚಿಕ್ಕಪ್ಪನ ಬಳಿಯ ಇಪ್ಪತ್ತು ಕಾಸು ನಮ್ಮದರ ಹೆಚ್ಚುಕಡಿಮೆ ಎರಡರಷ್ಟು ತೂಗಿತು. ನಮ್ಮದು ಹತ್ತು ಕಾಸು.

ಕೊನೆಯ ಫೋಟೋ ಅಂಚಿನದು. ಕಾಸನ್ನು ಹಿಟ್ಟಿನ ಉಂಡೆಗೆ ನೆಟ್ಟು ನಿಲ್ಲಿಸಿ ತೆಗೆದೆ. ಎರಕ ಹೊಯ್ದ ನಕಲಿಗಳಲ್ಲಿ ಅಂಚಿನ ಸುತ್ತ ಒಂದು ಬೆಸುಗೆ ಗೆರೆಯೂ ಮೈಮೇಲೆ ಗುಳ್ಳೆಯ ಸಣ್ಣ ಕುಳಿಗಳೂ ಇರುವುದುಂಟು. ನಮ್ಮದರಲ್ಲಿ ಅವಿರಲಿಲ್ಲ. ಆದರೂ ಚಿಕ್ಕಪ್ಪ, "ಅಸಲಿ ಅಂತ ಕೈಯಲ್ಲಿ ಹಿಡಿದ ಮೇಲೆಯೇ ಹೇಳ್ತೀನಿ. ಲೋಹ ಯಾವುದು ಅಂತ ಫೋಟೋ ಹೇಳಲ್ಲ" ಎಂದರು.

ಹೀಗೆ ಮುಂದೆ ನಾಲ್ಕು, ಹಿಂದೆ ನಾಲ್ಕು, ಅಂಚು ಒಂದು, ಸ್ಕೇಲಿನ ಜೊತೆ ಒಂದು, ಒಟ್ಟು ಹತ್ತು. ವಾಟ್ಸಾಪಿನಲ್ಲಿ ಮಾಮೂಲಿ ಫೋಟೋದಂತೆ ಕಳಿಸಿದರೆ ಅದು ಕುಗ್ಗಿಸಿ ಗೆರೆಗಳನ್ನು ಕಲಸಿಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದಂತೆಯೇ ಹೋಗುತ್ತದೆ.

ಮೂರು ಲಕ್ಷದವನಿಗೆ ಅಕ್ಕ ಹಣ ಕಳಿಸಲಿಲ್ಲ. ಒಂದು ಮಸುಕು ಫೋಟೋ ನೋಡಿ ಹಿಂಬದಿಯನ್ನೂ ಅಳತೆಯನ್ನೂ ಕೇಳದೆ ಬೆಲೆ ಹೇಳುವವನಿಗೆ ಬೇಕಿರುವುದು ಕಾಸಲ್ಲ, ಶುಲ್ಕ. ಹಳೆ ನಾಣ್ಯ, ನೋಟುಗಳ ಹೆಸರಿನಲ್ಲಿ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. ತಾನು ಇಂಥ ವ್ಯವಹಾರ ಮಾಡುವುದೂ ಇಲ್ಲ, ಯಾರಿಗೂ ಅಧಿಕಾರ ಕೊಟ್ಟೂ ಇಲ್ಲ ಎಂದು.

"ಹಾಗಾದರೆ ಇದಕ್ಕೆ ಬೆಲೆ ಎಷ್ಟು?" ಎಂದು ಅಕ್ಕ ಕೇಳಿದರು. ಅಂಥ ದೊಡ್ಡ ಬೆಲೆಯೇನಿಲ್ಲ ಎಂದೆ. ಅವರು ಒಂಬತ್ತರ ಕಡೆಯ ಫೋಟೋವನ್ನು ಇನ್ನೊಮ್ಮೆ ತೋರಿಸಲು ಹೇಳಿ, ಬೆರಳಿಟ್ಟು "ಯಿ… ಲಿ… ಕಾ…" ಎಂದು ಓದಿದರು. "ನಮ್ಮತ್ತೆಗೆ ಓದು ಬರ್ತಿರಲಿಲ್ಲ. ಇದರ ಮೇಲೆ ಕನ್ನಡ ಇದೆ ಅಂತ ಅವರಿಗೂ ಗೊತ್ತಿರಲಿಲ್ಲ" ಎಂದರು. ಕಾಸು ಮತ್ತೆ ದೇವರ ಪೆಟ್ಟಿಗೆ ಸೇರಿತು. ಹುಣಸೆಹಣ್ಣು ಆ ರಾತ್ರಿ ಸಾರಾಗಿ ನಮ್ಮ ಮನೆಗೂ ಒಂದು ಪಾತ್ರೆ ಬಂತು.